ಎಳ್ಳುಬೆಲ್ಲದ ಪೆಟ್ಟಿಗೆಯ ಮೇಲೆ ಏನು ಬರೆಯಬೇಕು?

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಅಪಾರ್ಟ್‌ಮೆಂಟಿನವರ, ಹಳೆಯ ಸಹಪಾಠಿಗಳ, ನೆಂಟರಿಷ್ಟರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಒಂದೇ ಬಗೆಯ ಸಂದೇಶ ಓಡಾಡತೊಡಗುತ್ತದೆ. ‘ಅಜ್ಜಿಯ ಕೈರುಚಿಯ, ಪ್ರೀತಿಯಿಂದ ತಯಾರಿಸಿದ, ಶುದ್ಧ, ಆರೋಗ್ಯಕರ, ಸಾಂಪ್ರದಾಯಿಕ ಸಂಕ್ರಾಂತಿ ಗಿಫ್ಟ್ ಹ್ಯಾಂಪರ್! ಇಂದೇ ಬುಕ್ ಮಾಡಿ!’ ಜೊತೆಗೊಂದು ಬಾಳೆಲೆಯ ಚಿತ್ರ, ಒಂದು ಬೆಲೆ, ಒಂದು ಫೋನ್ ನಂಬರು. ಸಂದೇಶ ಹಾಕಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪ್ರಶ್ನೆಗಳು ಶುರು. ಒಂದು ಪೆಟ್ಟಿಗೆಯಲ್ಲಿ ಎಷ್ಟು ಗ್ರಾಂ ಇರುತ್ತದೆ? ಉಂಡೆ ಮೆತ್ತಗಿದೆಯೋ ಗಟ್ಟಿಯೋ, ಅತ್ತೆಗೆ ಹಲ್ಲಿಲ್ಲ. ಎಷ್ಟು ದಿನ ಇಡಬಹುದು? ಶೇಂಗಾ ಹಾಕಿದ್ದೀರಾ, ನಮ್ಮ ಮಗುವಿಗೆ ಆಗುವುದಿಲ್ಲ. ಹದಿಮೂರನೇ ತಾರೀಖಿನ ಒಳಗೆ ದಾವಣಗೆರೆಗೆ ತಲುಪುತ್ತದಾ?

ಇವುಗಳಲ್ಲಿ ಒಂದಕ್ಕೂ ಆ ಸಂದೇಶದಲ್ಲಿ ಉತ್ತರವಿಲ್ಲ. ಎಳ್ಳು ಹುರಿಯುತ್ತ, ಬೆಲ್ಲ ಹೆಚ್ಚುತ್ತ ಕೂತಿರಬೇಕಾದವರು ದಿನವಿಡೀ ಫೋನಿನಲ್ಲಿ ಅದನ್ನೇ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಮನೆಯಲ್ಲಿ ತಿಂಡಿ ಮಾಡಿ ಮಾರುವವರ ಕೈಯಡುಗೆಗೆ ಹೆಸರಿಡುವಂತಿಲ್ಲ. ಬರೆಯುವಾಗ ಮಾತ್ರ ಅಡುಗೆಮನೆಯಲ್ಲಿ ತಮಗೆ ಚೆನ್ನಾಗಿ ಗೊತ್ತಿರುವ ಸಂಗತಿಗಳನ್ನೆಲ್ಲ ಬಿಟ್ಟು ಜಾಹೀರಾತಿನ ಮಾತನ್ನು ಎರವಲು ತರುತ್ತಾರೆ. ನನಗಂತೂ ‘ಅಜ್ಜಿಯ ಕೈರುಚಿ’ ಎಂದು ಕಂಡೊಡನೆ ಈ ಅಜ್ಜಿ ಯಾವ ಊರಿನವರು ಎಂದು ಕೇಳೋಣ ಅನ್ನಿಸುತ್ತದೆ. ಮೈಸೂರಿನ ಅಜ್ಜಿಯ ಎಳ್ಳುಬೆಲ್ಲವೇ ಬೇರೆ, ಧಾರವಾಡದ ಅಜ್ಜಿ ಹಂಚುವ ಕುಸುರೆಳ್ಳೇ ಬೇರೆ.

ಒಂದು ಪೆಟ್ಟಿಗೆಯನ್ನೇ ಎದುರಿಗಿಟ್ಟುಕೊಂಡು ನೋಡೋಣ. ಅದರಲ್ಲಿ ನಾಲ್ಕು ತಿನಿಸುಗಳಿವೆ ಎಂದುಕೊಳ್ಳಿ: ಎಳ್ಳುಬೆಲ್ಲ 250 ಗ್ರಾಂ, ಇಪ್ಪತ್ತು ಗ್ರಾಮಿನ ಹತ್ತು ಎಳ್ಳುಂಡೆ ಸೇರಿ 200 ಗ್ರಾಂ, ಎಳ್ಳಿನ ಚಿಕ್ಕಿ 150 ಗ್ರಾಂ, ಸಕ್ಕರೆ ಅಚ್ಚು 100 ಗ್ರಾಂ. ಒಟ್ಟು 700 ಗ್ರಾಂ. ಡಬ್ಬಿ, ಕಾಗದ, ರಿಬ್ಬನ್ನಿನ ತೂಕ ಇದರಲ್ಲಿ ಸೇರುವುದಿಲ್ಲ. ‘ಸುಮಾರು 700 ಗ್ರಾಂ’ ಎಂದು ಬರೆಯುವುದು ಹಲವರ ರೂಢಿ. ಪ್ಯಾಕೆಟ್ ಮಾಡಿದ ಸರಕಿನ 2011ರ ನಿಯಮಗಳು ತೂಕದ ಜೊತೆ ‘ಸುಮಾರು’, ‘ಕನಿಷ್ಠ’ ಎಂಬಂಥ ಮಾತುಗಳನ್ನು ಒಪ್ಪುವುದಿಲ್ಲ. ಕೈಯಲ್ಲಿ ಕಟ್ಟಿದ ಉಂಡೆ ಒಂದೊಂದೂ ಒಂದೊಂದು ತೂಕ ಬರುತ್ತದೆ, ನಿಜ. ಹಾಗಿದ್ದರೆ ಒಂದೆರಡು ಗ್ರಾಂ ಹೆಚ್ಚೇ ತೂಗುವಂತೆ ಕಟ್ಟಿ, ಚೀಟಿಯ ಮೇಲೆ ಸರಿಯಾದ ಸಂಖ್ಯೆಯನ್ನೇ ಬರೆಯುವುದು ಲೇಸು.

ಈಗ ಪೆಟ್ಟಿಗೆಯ ಮೊದಲ ಪೊಟ್ಟಣಕ್ಕೆ ಬರೋಣ. ಎಳ್ಳುಬೆಲ್ಲದ ಅಳತೆ ಒಂದೊಂದು ಮನೆಯಲ್ಲಿ ಒಂದೊಂದು ಥರ. ನಮ್ಮ ಉದಾಹರಣೆಯ ಮನೆಯಲ್ಲಿ ಒಂದು ಕಿಲೋಗೆ ಹುರಿದು ಸಿಪ್ಪೆ ತೆಗೆದು ಬೇಳೆ ಮಾಡಿದ ಕಡಲೆಕಾಯಿ ಬೀಜ 300 ಗ್ರಾಂ, ಹುರಿಗಡಲೆ 250, ಬೆಲ್ಲ 200, ಕೊಬ್ಬರಿ 150, ಬಿಳಿ ಎಳ್ಳು 100 ಗ್ರಾಂ ಹಾಕುತ್ತಾರೆ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಹಾಗೆ ಬರೆದರೆ ಹಬ್ಬಕ್ಕೇ ಹೆಸರು ಕೊಟ್ಟ ಎಳ್ಳು ಪಟ್ಟಿಯ ಕೊನೆಯಲ್ಲಿ ಬಂದು ಕೂರುತ್ತದೆ! ನಮ್ಮ 250 ಗ್ರಾಮಿನ ಪೊಟ್ಟಣದಲ್ಲಿ ಎಳ್ಳಿನ ಪಾಲು ಬರೀ 25 ಗ್ರಾಂ. ಇದನ್ನು ಬರೆಯಲು ಹಲವರು ಹಿಂಜರಿಯುತ್ತಾರೆ, ಪಟ್ಟಿಯಲ್ಲಿ ಎಳ್ಳನ್ನೇ ಮೊದಲಿಗೆ ಹಾಕಿಬಿಡುತ್ತಾರೆ. ಅದರ ಅಗತ್ಯವಿಲ್ಲ. ಎಳ್ಳಿನ ಕಾಳು ಸಣ್ಣದು, ಹಗುರ. ನೂರು ಗ್ರಾಂ ಎಳ್ಳು ಒಂದು ಕಿಲೋ ಮಿಶ್ರಣದ ತುಂಬ ಹರಡಿಕೊಳ್ಳುತ್ತದೆ, ಹುರಿದರೆ ಘಮವೂ ಸಾಕಷ್ಟು. ಹೆಚ್ಚಾದರೆ ಬಾಯಲ್ಲಿ ಸಣ್ಣ ಕಹಿ ಉಳಿಯುತ್ತದೆ.

ಆದರೆ ಇಲ್ಲೊಂದು ತೊಂದರೆ ಇದೆ, ಅದು ಬರೆಯುವವರಿಗೆ ತಿಳಿದಿರಬೇಕು. ಪೊಟ್ಟಣ ಬಸ್ಸಿನಲ್ಲೋ ಕೊರಿಯರಿನಲ್ಲೋ ಕುಲುಕಾಡುತ್ತ ಹೋಗುವಾಗ ಎಳ್ಳೆಲ್ಲ ಸಂದಿಗಳಲ್ಲಿ ಜಾರಿ ತಳ ಸೇರುತ್ತದೆ. ತೆರೆದವರಿಗೆ ಮೇಲೆ ಕಾಣುವುದು ಕಡಲೆ, ಕೊಬ್ಬರಿ, ಬೆಲ್ಲ ಮಾತ್ರ. ‘ಎಳ್ಳೇ ಹಾಕಿಲ್ಲ’ ಎಂಬ ದೂರು ಹುಟ್ಟುವುದು ಹೀಗೆ. ‘ಎಳ್ಳು ತಳಕ್ಕೆ ಇಳಿದಿರುತ್ತದೆ, ಬೀರುವ ಮೊದಲು ಒಮ್ಮೆ ಕಲಸಿಕೊಳ್ಳಿ’ ಎಂಬ ಒಂದು ಸಾಲು ಬರೆದರೆ ದೂರು ನಿಲ್ಲುತ್ತದೆ. ಮಾಡುವವರಿಗೆ ತಮ್ಮ ಕೆಲಸ ಗೊತ್ತಿದೆ ಎಂಬ ನಂಬಿಕೆಯೂ ಕೊಳ್ಳುವವರಿಗೆ ಬರುತ್ತದೆ. ‘ಶುದ್ಧ’, ‘ಪ್ರೀತಿಯಿಂದ’ ಎಂದು ನಾಲ್ಕು ಸಲ ಬರೆದರೂ ಬಾರದ ನಂಬಿಕೆ ಅದು.

ಎಳ್ಳುಬೆಲ್ಲದಲ್ಲಿ ಹೇಳಿಕೊಳ್ಳಬೇಕಾದ್ದೆಂದರೆ ಹೆಚ್ಚುವ ಕೆಲಸ. ಅಚ್ಚುಬೆಲ್ಲವನ್ನು ಅಡಕೆ ಚೂರಿಗಿಂತ ಸಣ್ಣಗೆ ಹೆಚ್ಚಬೇಕು. ಹೆಚ್ಚಿದ ಚೂರನ್ನು ಬಿಸಿಲಿನಲ್ಲಿ ಹರವಿ ಅಂಟು ಬಿಡುವವರೆಗೆ ಒಣಗಿಸಬೇಕು, ಇಲ್ಲವಾದರೆ ಎರಡನೇ ದಿನಕ್ಕೇ ಎಲ್ಲ ಮುದ್ದೆಯಾಗುತ್ತದೆ. ಕೊಬ್ಬರಿಯ ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು, ಬಿಳಿಯ ಭಾಗವನ್ನು ಅದೇ ಅಳತೆಗೆ ಹೆಚ್ಚಿ ಅದನ್ನೂ ಒಣಗಿಸಬೇಕು. ಕಡಲೆಕಾಯಿ ಬೀಜವನ್ನು ಹುರಿದು ಉಜ್ಜಿ ಸಿಪ್ಪೆ ಹಾರಿಸಿ ಬೇಳೆ ಮಾಡಬೇಕು. ಎಳ್ಳನ್ನು ಕೊನೆಯಲ್ಲಿ ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲೆಯೇ ಬೆರೆಸಬೇಕು. ಬಿಸಿ ಎಳ್ಳು ಬಿದ್ದರೆ ಬೆಲ್ಲ ಬೆವರುತ್ತದೆ. ಬೆಲೆ ಯಾಕೆ ಇಷ್ಟು ಎಂದು ಕೇಳುವವರಿಗೆ ಉತ್ತರ ಈ ಕೆಲಸದಲ್ಲೇ ಇದೆ. ‘ಬೆಲ್ಲ, ಕೊಬ್ಬರಿ ಎರಡನ್ನೂ ಕೈಯಲ್ಲೇ ಹೆಚ್ಚಿ ಬಿಸಿಲಿನಲ್ಲಿ ಒಣಗಿಸಿದ್ದು’ ಎಂದಷ್ಟು ಬರೆದರೆ ಸಾಕು. ಯಂತ್ರದಲ್ಲಿ ಹೆಚ್ಚಿಸಿದ್ದಾದರೆ, ಅಂಗಡಿಯಿಂದ ಹೆಚ್ಚಿದ ಬೆಲ್ಲವನ್ನೇ ತಂದದ್ದಾದರೆ ಆ ಸಾಲನ್ನು ಬರೆಯಬಾರದು, ಅಷ್ಟೇ.

ಎಳ್ಳುಂಡೆಯ ಬಗ್ಗೆ ಹೇಳಲೇಬೇಕಾದ್ದು ಒಂದೇ: ಅದು ಕುಟ್ಟಿದ ಉಂಡೆಯೋ ಪಾಕದ ಉಂಡೆಯೋ. ಹುರಿದ ಎಳ್ಳನ್ನೂ ಬೆಲ್ಲವನ್ನೂ ಸೇರಿಸಿ ಕುಟ್ಟಿದಾಗ ಎಳ್ಳೇ ಎಣ್ಣೆ ಬಿಡುತ್ತದೆ, ಆ ಜಿಡ್ಡಿನಲ್ಲೇ ಉಂಡೆ ಕಟ್ಟಬಹುದು. ಅದು ಮೆತ್ತಗಿರುತ್ತದೆ, ಚಿತ್ರದಲ್ಲಿ ಹೊಳಪಿಲ್ಲದೆ ಕಂದಾಗಿ ಕಾಣುತ್ತದೆ. ಪಾಕದ ಉಂಡೆಯಲ್ಲಿ ಕಾಳು ಇಡಿಯಾಗಿ ಕಾಣುತ್ತದೆ, ಮಿರುಗುತ್ತದೆ. ಬೆಲ್ಲದ ಪಾಕವನ್ನು ನೀರಿನ ಬಟ್ಟಲಿಗೆ ಬಿಟ್ಟಾಗ ಮೆತ್ತಗೆ ಉಂಡೆಯಾದರೆ ಕಡಿಯಬಲ್ಲ ಎಳ್ಳುಂಡೆ ಬರುತ್ತದೆ. ಇನ್ನೂ ಕಾಯಿಸಿ, ನೀರಿನಿಂದ ತೆಗೆದ ಪಾಕ ತಟ್ಟೆಗೆ ಬಿದ್ದಾಗ ಟಣ್ ಎನ್ನುವಷ್ಟು ಬಲಿತರೆ ಅದು ಚಿಕ್ಕಿಯ ಪಾಕ. ಆ ಪಾಕದಲ್ಲಿ ಕಟ್ಟಿದ ಉಂಡೆಯನ್ನು ಕಡಿಯಲು ಎಳೆಯರಿಗೇ ಕಷ್ಟ. ವಯಸ್ಸಾದವರಿಗೆ ಉಡುಗೊರೆ ಕಳಿಸುವವರು ಬಹಳ, ಹಾಗಾಗಿ ಈ ವಿವರ ಅವರಿಗೆ ರುಚಿಗಿಂತ ಮುಖ್ಯ.

ಇನ್ನೊಂದು ಮಾತು. ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಕೆಲವರು ಪೆಟ್ಟಿಗೆಗೆ ಕರಿಎಳ್ಳಿನ ಉಂಡೆ ಸೇರಿಸುತ್ತಾರೆ. ಕರಿಎಳ್ಳು ನಮ್ಮಲ್ಲಿ ಶ್ರಾದ್ಧಕ್ಕೆ, ತರ್ಪಣಕ್ಕೆ, ಶನಿಯ ಎಳ್ಳುದೀಪಕ್ಕೆ ಬಳಸುವಂಥದ್ದು. ಹಬ್ಬದ ಉಡುಗೊರೆಯಲ್ಲಿ ಅದು ಬಂದರೆ ಎಷ್ಟೋ ಮನೆಗಳಲ್ಲಿ ಹಿರಿಯರು ಮುಟ್ಟುವುದಿಲ್ಲ. ಮಾಡಬಾರದು ಎಂದೇನಲ್ಲ. ಯಾವ ಎಳ್ಳು ಎಂಬುದನ್ನು ಮಾತ್ರ ಮೊದಲೇ ತಿಳಿಸಬೇಕು, ಬಿಳಿ ಎಳ್ಳಾದರೆ ‘ಬಿಳಿ ಎಳ್ಳು’ ಎಂದೇ ಬರೆಯಬೇಕು.

ಬರವಣಿಗೆ ಹೆಚ್ಚು ದಾರಿ ತಪ್ಪುವುದು ಬೆಲ್ಲದ ವಿಷಯದಲ್ಲಿ. ‘ಸಕ್ಕರೆ ರಹಿತ’, ‘ಶುಗರ್ ಇದ್ದವರೂ ತಿನ್ನಬಹುದು’ ಎಂಬ ಸಾಲುಗಳು ಈಗ ಮಾಮೂಲಾಗಿವೆ. ಬೆಲ್ಲದಲ್ಲಿ ದೊಡ್ಡ ಪಾಲು ಸಕ್ಕರೆಯ ಅಂಶವೇ. ಕಬ್ಬಿನ ಹಾಲನ್ನು ಕಾಯಿಸಿ ಗಟ್ಟಿ ಮಾಡಿದರೆ ಇನ್ನೇನು ಬರಬೇಕು? ಸಕ್ಕರೆ ಕಾಯಿಲೆಯವರು ಈ ಸಾಲನ್ನು ನಂಬಿ ನಾಲ್ಕು ಉಂಡೆ ತಿಂದರೆ ಮೈಯಲ್ಲಿ ಸಕ್ಕರೆ ಏರುತ್ತದೆ, ಅದಕ್ಕೆ ಹೊಣೆ ಬರೆದವರದು. ಆಹಾರದ ಜಾಹೀರಾತು ಮತ್ತು ಹೇಳಿಕೆಗಳಿಗೆ ಸಂಬಂಧಿಸಿದ 2018ರ ನಿಯಮಗಳು ಇಂಥ ಮಾತುಗಳಿಗೆ ಕಡಿವಾಣ ಹಾಕಿವೆ. ಬೆಲ್ಲ ಹಾಕಿದ ತಿನಿಸನ್ನು ಸಕ್ಕರೆಯಿಲ್ಲದ್ದೆಂದು ಮಾರುವಂತಿಲ್ಲ, ಕಾಯಿಲೆ ವಾಸಿಯಾಗುತ್ತದೆ ಎಂದಂತೂ ಬರೆಯಲೇಬಾರದು. ನಮ್ಮ ಪೆಟ್ಟಿಗೆಯಲ್ಲಂತೂ ಸಕ್ಕರೆ ಅಚ್ಚೇ ಕೂತಿದೆ! ‘ಉಂಡೆಗೂ ಚಿಕ್ಕಿಗೂ ಬೆಲ್ಲ ಮಾತ್ರ ಹಾಕಿದ್ದೇವೆ, ಅಚ್ಚು ಸಕ್ಕರೆಯದು’ ಎಂದು ಬರೆದರೆ ನಿಜವನ್ನು ಹೇಳಿದಂತೆಯೂ ಆಯಿತು, ಬೆಲ್ಲ ಇಷ್ಟಪಡುವವರಿಗೆ ಬೇಕಾದ್ದು ಸಿಕ್ಕಂತೆಯೂ ಆಯಿತು. ‘ಸಾವಯವ’ ಎಂಬ ಮಾತಿಗೂ ಪ್ರಮಾಣಪತ್ರದ ಬೆಂಬಲ ಬೇಕು. ಬೆಲ್ಲ ಮಾರಿದ ಅಂಗಡಿಯವನು ಬಾಯಲ್ಲಿ ಹೇಳಿದ್ದು ಪ್ರಮಾಣಪತ್ರವಾಗುವುದಿಲ್ಲ.

ಬೆಲ್ಲದ ಬಣ್ಣದ ಬಗ್ಗೆಯೂ ಒಂದು ಸಾಲು ಬರೆಯುವುದು ಒಳ್ಳೆಯದು. ಆಲೆಮನೆಯಲ್ಲಿ ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕ ಹಾಕಿದರೆ ಬೆಲ್ಲ ಹೊಂಬಣ್ಣಕ್ಕೆ ತಿರುಗುತ್ತದೆ, ಹಾಕದ ಬೆಲ್ಲ ಸಾಮಾನ್ಯವಾಗಿ ಕಡು ಕಂದಾಗಿರುತ್ತದೆ. ಎಳ್ಳುಬೆಲ್ಲದ ಚಿತ್ರಗಳಲ್ಲಿ ಹಳದಿ ಚೂರು ನೋಡಿ ಅಭ್ಯಾಸವಾದವರಿಗೆ ಕಂದು ಬೆಲ್ಲ ಹಳೆಯದೇನೋ ಅನ್ನಿಸಿಬಿಡುತ್ತದೆ. ‘ನಮ್ಮ ಬೆಲ್ಲ ಕಂದು ಬಣ್ಣದ್ದು, ಚಿತ್ರದಲ್ಲಿ ಇರುವಂತೆಯೇ ಇರುತ್ತದೆ’ ಎಂದು ಬರೆದು ತಮ್ಮ ತಟ್ಟೆಯ ಚಿತ್ರವನ್ನೇ ಹಾಕಬೇಕು. ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರ ಹಾಕಿದರೆ ಬರೆದ ವಿವರಕ್ಕೂ ಬೆಲೆ ಉಳಿಯುವುದಿಲ್ಲ.

ಇನ್ನು ಯಾರಿಗೆ ಏನು ಆಗುವುದಿಲ್ಲ ಎಂಬ ಮಾತು. ನಮ್ಮ ದೇಶದ 2020ರ ಲೇಬಲ್ ನಿಯಮಗಳ ಅಲರ್ಜಿ ಪಟ್ಟಿಯಲ್ಲಿ ಕಡಲೆಕಾಯಿ ಇದೆ, ಹಾಲು ಇದೆ, ಎಳ್ಳು ಇಲ್ಲ. ಎಳ್ಳುಬೆಲ್ಲದಲ್ಲಿ ಕಡಲೆಕಾಯಿ ಇರುವುದನ್ನು ಎದ್ದು ಕಾಣುವಂತೆ ಬರೆಯಬೇಕು. ಹಾಲಿನ ಸಂಗತಿ ಹಲವರ ಲಕ್ಷ್ಯಕ್ಕೆ ಬರುವುದಿಲ್ಲ. ಸಕ್ಕರೆ ಅಚ್ಚಿನ ಪಾಕ ಬಿಳಿಯಾಗಲೆಂದು ಅದಕ್ಕೆ ಸ್ವಲ್ಪ ಹಾಲು ಹಾಕಿ ಮೇಲೆ ಬಂದ ಕೊಳೆಯನ್ನು ತೆಗೆದು ಸೋಸುವುದು ಹಳೆಯ ಕ್ರಮ. ಸೋಸಿದ ಮೇಲೂ ಅದರಲ್ಲಿ ಹಾಲಿನ ಅಂಶ ಉಳಿದಿರುತ್ತದೆ. ಉಂಡೆಗೆ ಕಡಲೆಕಾಯಿ ಹಾಕದಿದ್ದರೂ ಅದೇ ಬಾಣಲೆಯಲ್ಲಿ ಬೀಜ ಹುರಿದಿದ್ದರೆ ಅದನ್ನೂ ಹೇಳಬೇಕು. ಎಳ್ಳಿನದು ಬೇರೆ ಕಥೆ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನೂ ಮುಖ್ಯ ಅಲರ್ಜಿಕಾರಕವೆಂದು ಲೇಬಲ್ ಮೇಲೆ ನಮೂದಿಸಬೇಕು, ಯುರೋಪಿನ ಪಟ್ಟಿಯಲ್ಲಿ ಅದು ಮೊದಲಿನಿಂದ ಇದೆ. ಡಲ್ಲಾಸ್‌ನಲ್ಲೋ ಲಂಡನ್‌ನಲ್ಲೋ ಇರುವ ಮಗಳಿಗೆಂದು ಪೆಟ್ಟಿಗೆ ಕೊಂಡೊಯ್ಯುವವರು ಇದ್ದೇ ಇರುತ್ತಾರೆ. ಅಲ್ಲಿ ಅದು ಕನ್ನಡ ಸಂಘದ ಹಬ್ಬದಲ್ಲಿ, ಮೊಮ್ಮಗುವಿನ ಶಾಲೆಯ ಗೆಳೆಯರ ನಡುವೆ ಹಂಚಿಹೋಗುತ್ತದೆ. ಹೆಸರಿನಲ್ಲೇ ಎಳ್ಳು ಇದೆಯಲ್ಲ ಎಂದು ನಾವು ಅಂದುಕೊಂಡರೂ ಕನ್ನಡ ಬಾರದ ಮಗುವಿನ ತಾಯಿಗೆ ಆ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಅಂಥ ಪೆಟ್ಟಿಗೆಗೆ ಇಂಗ್ಲಿಷಿನಲ್ಲೂ ಒಂದು ಚೀಟಿ ಅಂಟಿಸಿದರೆ ನಷ್ಟವಿಲ್ಲ.

ಎಷ್ಟು ದಿನ ಇಡಬಹುದು ಎಂಬುದನ್ನು ಅಂದಾಜಿನಲ್ಲಿ ಬರೆಯುವುದು ಬೇಡ. ಎಳ್ಳುಬೆಲ್ಲದಲ್ಲಿ ಮೊದಲು ಕೆಡುವುದು ಕೊಬ್ಬರಿ ಮತ್ತು ಹುರಿದ ಕಡಲೆಕಾಯಿ. ಅವುಗಳ ಎಣ್ಣೆ ಹಳಸಿ ಕನರು ವಾಸನೆ ಬರುತ್ತದೆ. ಅದಕ್ಕೂ ಮುಂಚೆ ಹುರಿಗಡಲೆ ಮೆತ್ತಗಾಗುತ್ತದೆ, ಬೆಲ್ಲ ತೇವ ಎಳೆದುಕೊಂಡು ಅಂಟತೊಡಗುತ್ತದೆ. ಪ್ರತಿ ಸಲ ಮಾಡಿದಾಗಲೂ ಒಂದು ಪೊಟ್ಟಣವನ್ನು ಮಾರದೆ, ದಿನಾಂಕ ಬರೆದು ಮನೆಯ ಕಪಾಟಿನಲ್ಲೇ ಇಟ್ಟು, ಕೆಲವು ದಿನಗಳಿಗೊಮ್ಮೆ ಬಾಯಿಗೆ ಹಾಕಿ ನೋಡುವುದು ನಂಬಬಹುದಾದ ದಾರಿ. ಎಂದು ರುಚಿ ಕೆಟ್ಟಿತೋ ಅದಕ್ಕಿಂತ ಒಂದು ವಾರ ಮುಂಚಿನ ದಿನವನ್ನು ಗಡುವಾಗಿ ಬರೆಯಬೇಕು. ಪೆಟ್ಟಿಗೆಯಲ್ಲಿ ನಾಲ್ಕು ತಿನಿಸಿದ್ದರೆ ಎಲ್ಲಕ್ಕಿಂತ ಬೇಗ ಕೆಡುವುದರ ದಿನಾಂಕವೇ ಪೆಟ್ಟಿಗೆಯ ದಿನಾಂಕ. ಸಕ್ಕರೆ ಅಚ್ಚು ತಿಂಗಳುಗಟ್ಟಲೆ ಇರುತ್ತದೆಂದು ಎಳ್ಳುಬೆಲ್ಲ ಇರುವುದಿಲ್ಲ. ಎಳ್ಳು ಹೋಳಿಗೆ ಸೇರಿಸುವ ಆಸೆ ಇದ್ದರೆ ಅದನ್ನು ಬೇರೆಯೇ ಮಾರಬೇಕು, ಅದರ ಆಯುಸ್ಸು ಕೆಲವೇ ದಿನ. ಕಬ್ಬಿನ ತುಂಡು, ಏಲಕ್ಕಿ ಬಾಳೆಹಣ್ಣು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ. ಅದೇ ಮುಚ್ಚಿದ ಡಬ್ಬಿಯಲ್ಲಿ ಅವುಗಳನ್ನು ಇಟ್ಟರೆ ತೇವಕ್ಕೆ ಚಿಕ್ಕಿ ಅಂಟಾಗುತ್ತದೆ, ಕಡಿದ ಕಬ್ಬಿನ ತುದಿ ಕೆಂಪಾಗಿ ಹುಳಿ ವಾಸನೆ ಹಿಡಿಯುತ್ತದೆ. ಕೊಡುವುದಾದರೆ ಬೇರೆ ಚೀಲದಲ್ಲಿ ಕೊಡಬೇಕು. ಕೊಡದಿದ್ದರೆ ‘ಚಿತ್ರದಲ್ಲಿರುವ ಕಬ್ಬು ಅಲಂಕಾರಕ್ಕೆ ಮಾತ್ರ’ ಎಂದು ಹೇಳಬೇಕು.

ಕೊಳ್ಳುವವರು ಎರಡು ಬಗೆ ಎಂಬುದು ಮಾರುವವರಿಗೆ ಒಂದೇ ಹಬ್ಬದಲ್ಲಿ ಅರ್ಥವಾಗಿಬಿಡುತ್ತದೆ. ಕಚೇರಿಯ ಸ್ನೇಹಿತರಿಗೆ, ಬೀಗರಿಗೆ ಒಂದೊಂದು ಚಂದದ ಪೆಟ್ಟಿಗೆ ಕಳಿಸುವವರು ಒಂದು ಬಗೆ. ಎಳ್ಳು ಬೀರಲು ಬೇಕು ಎನ್ನುವವರು ಇನ್ನೊಂದು ಬಗೆ, ಅವರಿಗೆ ಪೆಟ್ಟಿಗೆಯ ಅಂದ ಬೇಡ, ಮನೆಗಳ ಲೆಕ್ಕ ಬೇಕು. ಒಂದು ಕಿಲೋ ತೆಗೆದುಕೊಂಡರೆ 50 ಗ್ರಾಮಿನ ಇಪ್ಪತ್ತು ಪೊಟ್ಟಣ ಆಗುತ್ತದೆ ಎಂದು ವಿವರದಲ್ಲೇ ಇದ್ದರೆ ಅವರು ಬೇರೇನೂ ಕೇಳುವುದಿಲ್ಲ. ಎಷ್ಟೋ ಕಡೆ ಎಳ್ಳು ಹಂಚುವುದು ರಥಸಪ್ತಮಿಯವರೆಗೂ ನಡೆಯುತ್ತದೆ, ಆದ್ದರಿಂದ ಹಬ್ಬದ ಮಾರನೆಯ ದಿನವೇ ಪಟ್ಟಿಯನ್ನು ತೆಗೆದುಹಾಕುವ ಅವಸರವೂ ಬೇಡ. ‘ಹಬ್ಬಕ್ಕೆ ಮುಂಚೆ ತಲುಪಿಸುತ್ತೇವೆ’ ಎಂಬ ಮಾತಿಗಿಂತ ಆರ್ಡರ್ ನಿಲ್ಲಿಸುವ ತಾರೀಖನ್ನು ಬರೆಯುವುದು ಮೇಲು. ಸಂಕ್ರಾಂತಿ ಒಮ್ಮೊಮ್ಮೆ 14ಕ್ಕೆ ಬದಲು 15ಕ್ಕೆ ಬರುತ್ತದೆ, 2024ರಲ್ಲಿ ಹಾಗೆಯೇ ಬಂದಿತ್ತು.

ಇಷ್ಟನ್ನೆಲ್ಲ ಒಟ್ಟು ಮಾಡಿದರೆ ನಮ್ಮ ಪೆಟ್ಟಿಗೆಯ ವಿವರ ಹೀಗಾಗುತ್ತದೆ:

‘ಸಂಕ್ರಾಂತಿ ಪೆಟ್ಟಿಗೆ, ಒಟ್ಟು 700 ಗ್ರಾಂ. ಎಳ್ಳುಬೆಲ್ಲ 250 ಗ್ರಾಂ: ಕಡಲೆಕಾಯಿ ಬೀಜ, ಹುರಿಗಡಲೆ, ಬೆಲ್ಲ, ಕೊಬ್ಬರಿ, ಬಿಳಿ ಎಳ್ಳು. ಬೆಲ್ಲ, ಕೊಬ್ಬರಿ ಕೈಯಲ್ಲೇ ಹೆಚ್ಚಿ ಬಿಸಿಲಿನಲ್ಲಿ ಒಣಗಿಸಿದ್ದು. ಎಳ್ಳು ತಳಕ್ಕೆ ಇಳಿದಿರುತ್ತದೆ, ಬೀರುವ ಮೊದಲು ಕಲಸಿಕೊಳ್ಳಿ. ಎಳ್ಳುಂಡೆ ಹತ್ತು, 200 ಗ್ರಾಂ: ಬಿಳಿ ಎಳ್ಳು, ಬೆಲ್ಲ, ಏಲಕ್ಕಿ. ಪಾಕವಿಲ್ಲದೆ ಕುಟ್ಟಿ ಕಟ್ಟಿದ್ದು, ಮೆತ್ತಗಿರುತ್ತದೆ. ಎಳ್ಳಿನ ಚಿಕ್ಕಿ 150 ಗ್ರಾಂ: ಬಿಳಿ ಎಳ್ಳು, ಬೆಲ್ಲ, ತುಪ್ಪ. ಗಟ್ಟಿ ಪಾಕದ್ದು, ಕಟುಂ ಎನ್ನುತ್ತದೆ. ಸಕ್ಕರೆ ಅಚ್ಚು 100 ಗ್ರಾಂ: ಸಕ್ಕರೆ, ಹಾಲು. ಬಣ್ಣ ಹಾಕಿಲ್ಲ. ಕಡಲೆಕಾಯಿ, ಹಾಲು, ಎಳ್ಳು ಇವೆ. ಎಲ್ಲ ತಿನಿಸನ್ನೂ ಒಂದೇ ಅಡುಗೆಮನೆಯಲ್ಲಿ ಮಾಡಿದ್ದೇವೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಒದ್ದೆ ಕೈ ಹಾಕದೆ, ಪೆಟ್ಟಿಗೆಯ ಮೇಲಿನ ದಿನಾಂಕದೊಳಗೆ ತಿನ್ನಿ. ಆರ್ಡರ್ ಜನವರಿ 9ರ ಸಂಜೆಯವರೆಗೆ. ಕಬ್ಬು, ಬಾಳೆಹಣ್ಣು ಇರುವುದಿಲ್ಲ.’

ಜೊತೆಗೆ ಬೆಲೆ, ಮಾಡುವವರ ಹೆಸರು ಮತ್ತು ವಿಳಾಸ, ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯ ಹದಿನಾಲ್ಕು ಅಂಕಿ ಇರಬೇಕು. ಮನೆಯ ಅಡುಗೆಮನೆಯಲ್ಲಿ ಮಾಡಿ ಮಾರುವವರಿಗೂ ಈ ನೋಂದಣಿಯಿಂದ ವಿನಾಯಿತಿ ಇಲ್ಲ.

ಈ ವಿವರದಲ್ಲಿ ಅಜ್ಜಿ ಇಲ್ಲ, ಪ್ರೀತಿ ಇಲ್ಲ, ಶುದ್ಧವೂ ಇಲ್ಲ. ಸ್ವಲ್ಪ ಒಣಕಲು ಅನ್ನಿಸಿದರೆ ಮೇಲೊಂದು ಸಾಲು ಸೇರಿಸಬಹುದು. ಅದು ಆ ಮನೆಗೆ ಮಾತ್ರ ಸಲ್ಲುವ ಸಾಲಾಗಿರಲಿ: ಬೆಲ್ಲ ಮಂಡ್ಯದ ಯಾವ ಆಲೆಮನೆಯದು, ಅಚ್ಚಿನ ಮರದ ಮಣೆ ಎಷ್ಟು ತಲೆಮಾರಿನದು, ಕೊಬ್ಬರಿ ತಿಪಟೂರಿನದೋ ಸ್ವಂತ ತೋಟದ್ದೋ. ಪಕ್ಕದ ಬೀದಿಯವರ ಸಂದೇಶಕ್ಕೂ ಅಂಟಿಸಬಹುದಾದ ಸಾಲಾಗಿದ್ದರೆ ಅದನ್ನು ಅಳಿಸಿಬಿಡುವುದೇ ಒಳ್ಳೆಯದು.

ಕೊಳ್ಳುವವರಿಗೂ ಒಂದು ಮಾತು. ಮುಂಗಡ ಕಳಿಸುವ ಮೊದಲು ಮಾರುವವರಿಗೆ ಮೂರು ಪ್ರಶ್ನೆ ಕೇಳಿ: ಒಳಗಿನ ಒಂದೊಂದು ತಿನಿಸೂ ಎಷ್ಟು ಗ್ರಾಂ, ಉಂಡೆ ಕುಟ್ಟಿದ್ದೋ ಪಾಕದ್ದೋ, ಮಾಡಿದ್ದು ಯಾವ ದಿನ. ತಾವೇ ಮಾಡಿದವರು ನಿಂತ ನಿಲುವಿನಲ್ಲೇ ಉತ್ತರಿಸುತ್ತಾರೆ. ಕೇಳಿ ಹೇಳುತ್ತೇನೆ ಎಂದರೆ ಆ ತಿಂಡಿ ಬೇರೆ ಎಲ್ಲಿಂದಲೋ ಬರುತ್ತಿರುವ ಸಾಧ್ಯತೆಯೇ ಹೆಚ್ಚು.